ಇನ್ವರ್ಟಿಂಗೋ, ನಾನ್-ಇನ್ವರ್ಟಿಂಗೋ?

ಸಂಕೇತವನ್ನು ಹತ್ತು ಪಟ್ಟು ಹಿಗ್ಗಿಸಬೇಕು, ತಲೆಕೆಳಗಾದರೂ ತೊಂದರೆಯಿಲ್ಲ ಎಂದಾದರೆ ನಾನು ಇನ್ವರ್ಟಿಂಗ್ ಆಂಪ್ಲಿಫೈಯರನ್ನೇ ಆರಿಸುತ್ತೇನೆ. ಅದರ ಲೆಕ್ಕ ಅಷ್ಟು ಸರಳ.

ಆಪ್-ಆಂಪ್‌ನ ಪ್ಲಸ್ ತುದಿ ಗ್ರೌಂಡಿನಲ್ಲಿದೆ. ಫೀಡ್‌ಬ್ಯಾಕ್ ಮೈನಸ್ ತುದಿಯನ್ನೂ ಸೊನ್ನೆ ವೋಲ್ಟಿನ ಬಳಿಯೇ ಹಿಡಿದಿಡುತ್ತದೆ. ಇದೇ ವರ್ಚುವಲ್ ಗ್ರೌಂಡ್. ಹಾಗಾಗಿ 0.2 ವೋಲ್ಟ್ ಕೊಟ್ಟರೆ ಅಷ್ಟೂ ಇನ್‌ಪುಟ್‌ಗೂ ಮೈನಸ್ ತುದಿಗೂ ನಡುವಿನ 10 ಕಿಲೋಓಮ್‌ನ R1 ಮೇಲೆಯೇ ಬೀಳುತ್ತದೆ, 20 ಮೈಕ್ರೋಆಂಪಿಯರ್ ಹರಿಯುತ್ತದೆ. ಆಪ್-ಆಂಪ್ ಒಳಗೆ ಕರೆಂಟ್ ಹೋಗುವುದಿಲ್ಲವೆನ್ನಬಹುದು. ಅದೆಲ್ಲವೂ ಮೈನಸ್ ತುದಿಗೂ ಔಟ್‌ಪುಟ್‌ಗೂ ನಡುವಿನ 100 ಕಿಲೋಓಮ್‌ನ Rf ಮೂಲಕ ಸಾಗಿ, ಔಟ್‌ಪುಟ್ −2 ವೋಲ್ಟ್ ಆಗುತ್ತದೆ. ಗೇನ್ −Rf/R1, ಅಂದರೆ −10.

ನಾನ್-ಇನ್ವರ್ಟಿಂಗ್‌ನಲ್ಲಿ ಅವೇ ರೆಸಿಸ್ಟರುಗಳು 1 + Rf/R1, ಅಂದರೆ 11 ಕೊಡುತ್ತವೆ. ಅಲ್ಲಿ ಸಂಕೇತ ನೇರ ಪ್ಲಸ್ ತುದಿಗೆ ಹೋಗುವುದರಿಂದ ಮೈನಸ್ ತುದಿಯೂ ಇನ್‌ಪುಟ್ ಜೊತೆ ಏರಿಳಿಯುತ್ತದೆ.

ಆದರೆ ಸೆನ್ಸರಿನ ಒಳರೋಧವೇ 10 ಕಿಲೋಓಮ್ ಇದ್ದರೆ ನಾನ್-ಇನ್ವರ್ಟಿಂಗ್ ಆರಿಸಿ. ಇನ್ವರ್ಟಿಂಗ್‌ನಲ್ಲಿ ಆ ರೋಧ R1 ಜೊತೆ ಸೇರಿ ಗೇನ್ −5ಕ್ಕೆ ಕುಸಿಯುತ್ತದೆ.

ಇನ್ನೊಂದು ಮಿತಿ: ±12 ವೋಲ್ಟ್ ಸಪ್ಲೈಯಲ್ಲಿ 1.5 ವೋಲ್ಟ್ ಕೊಟ್ಟರೆ −15 ಬರಲಾರದು. ಔಟ್‌ಪುಟ್ −11ರ ಸುಮಾರಿಗೆ ನಿಂತರೆ, ಮೈನಸ್ ತುದಿಯಲ್ಲಿ ಮಲ್ಟಿಮೀಟರ್ ಸುಮಾರು 0.36 ವೋಲ್ಟ್ ತೋರಿಸುತ್ತದೆ. ಆಗ ವರ್ಚುವಲ್ ಗ್ರೌಂಡ್ ಉಳಿದಿಲ್ಲ, ಸೂತ್ರವೂ ನಡೆಯುವುದಿಲ್ಲ.