ಒಂದೇ ಓಟ, ಎರಡು ಹೊತ್ತು: ಲಾಗ್ ಸರಿಪಡಿಸುವ ದಾರಿಗಳಲ್ಲಿ ನನಗೆ ಒಗ್ಗಿದ್ದು

ಮೊದಲೇ ಹೇಳಿಬಿಡುತ್ತೇನೆ, ಬೇರೆ ದೇಶದಲ್ಲಿ ಓಡಿದ ಓಟಕ್ಕೆ ಆ್ಯಪ್ ತಪ್ಪು ಹೊತ್ತು ತೋರಿಸಿದರೆ ನನ್ನ ಓಟು ಲಾಗ್ ಫೈಲ್ ತಿದ್ದುವ ಪ್ರೋಗ್ರಾಂ ಜಿಪಿಎಸ್‌ಬೇಬಲ್‌ಗೆ. ಕಾಸು ಕೊಡಬೇಕಿಲ್ಲ, ಒಂದೇ ಸಾಲಿನ ಕಮಾಂಡಿನಲ್ಲಿ ಕೆಲಸ ಮುಗಿಯುತ್ತದೆ. ಆದರೆ ಎಲ್ಲ ಲಾಗಿಗೂ ಅದು ಬೇಕಾಗುವುದಿಲ್ಲ.

ಜೂನ್‌ನಲ್ಲಿ ತಮ್ಮ ಮತ್ತು ಅವನ ಹೆಂಡತಿ ಬರ್ಲಿನ್‌ಗೆ ಹೋಗಿದ್ದರು. ಇಲ್ಲಿ ಗಾಜನೂರು ರಸ್ತೆಯಲ್ಲಿ ಓಡುವ ನಮ್ಮ ಗುಂಪಿನಲ್ಲಿ ಬೆಳಿಗ್ಗೆ ಏಳರೊಳಗೆ ಶುರು ಮಾಡಿದ ಓಟ ಮಾತ್ರ ಲೆಕ್ಕಕ್ಕೆ. ಇಬ್ಬರೂ ಅಲ್ಲಿ ಬೆಳಿಗ್ಗೆ 6:10ಕ್ಕೆ ಒಟ್ಟಿಗೇ ಓಡಿದ್ದಾರೆ. ಅವಳ ಆ್ಯಪ್‌ನಲ್ಲಿ 9:40 ಅಂತಿದೆ, ಇವನದರಲ್ಲಿ ನಡುರಾತ್ರಿ 2:40! ಫೋಟೋದಲ್ಲಿ ನೋಡಿದರೆ ಒಳ್ಳೆ ಬಿಸಿಲು.

ತಪ್ಪು ಎಲ್ಲಿದೆ ಅಂತ ತಿಳಿಯದೆ ಯಾವ ದಾರಿಯೂ ಬೇಡ. ಆ್ಯಪ್‌ನಿಂದ ಓಟದ ಪ್ರತಿ ಪಾಯಿಂಟಿನ ಜಾಗ, ಹೊತ್ತು ಬರೆದಿರುವ ಜಿಪಿಎಕ್ಸ್ ಫೈಲ್ ಇಳಿಸಿಕೊಂಡು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಮೊದಲ `<trkpt>` ಒಳಗಿನ `<time>` ನೋಡಿ. ತೀರಾ ಮೇಲೆ `<metadata>` ಒಳಗೆ ಇರುವುದು ಎಷ್ಟೋ ಸಲ ಫೈಲ್ ತಯಾರಾದ ಹೊತ್ತು, ಅದನ್ನು ನಂಬಬೇಡಿ. ಕೊನೆಯಲ್ಲಿ Z ಇದ್ದರೆ ಅದು ಯುಟಿಸಿ, ಅಂದರೆ ಎಲ್ಲ ದೇಶಗಳ ಹೊತ್ತಿಗೂ ಲೆಕ್ಕ ಶುರುವಾಗುವ ಮೂಲ ಹೊತ್ತು. ಬೇಸಿಗೆಯಲ್ಲಿ ಬರ್ಲಿನ್ ಯುಟಿಸಿಗಿಂತ ಎರಡು ಗಂಟೆ ಮುಂದೆ, ನಾವು ಐದೂವರೆ ಗಂಟೆ ಮುಂದೆ.

ಅವಳ ಫೈಲಿನಲ್ಲಿ 04:10Z ಇತ್ತು. ಎರಡು ಗಂಟೆ ಕೂಡಿಸಿದರೆ 6:10, ಅಂದರೆ ಫೈಲ್ ಸರಿಯಾಗಿಯೇ ಇದೆ. ಆ್ಯಪ್ ಅದನ್ನು ಭಾರತದ ಹೊತ್ತಿನಲ್ಲಿ ತೋರಿಸಿ 9:40 ಮಾಡಿತ್ತು, ಅಷ್ಟೇ. ಅವಳ ಆ್ಯಪ್‌ನಲ್ಲಿ ಆ ಓಟದ ಟೈಮ್ ಝೋನ್ ಬದಲಿಸುವ ಜಾಗವಿತ್ತು, ಅಲ್ಲಿಗೆ ಮುಗಿಯಿತು. ಇಂಥ ಫೈಲಿಗೆ ಕೈ ಹಾಕಿದರೆ ಇದ್ದ ಸರಿಯೂ ಕೆಡುತ್ತದೆ.

ತಮ್ಮನ ಫೈಲಿನಲ್ಲಿ 00:40Z. ಅವನ ಫೋನಿನ ಟೈಮ್ ಝೋನ್ ಭಾರತದ್ದೇ ಉಳಿದಿತ್ತು, ಮುಳ್ಳು ಮಾತ್ರ ಅಲ್ಲಿನ 6:10ಕ್ಕೆ ಕೈಯಿಂದ ತಿರುಗಿಸಲಾಗಿತ್ತು. ಭಾರತದ 6:10 ಅಂತ ನಂಬಿದ ಫೋನ್ ಐದೂವರೆ ಗಂಟೆ ಕಳೆದು ಬರೆದುಕೊಂಡಿತು. ಅವನ ಆ್ಯಪ್ ಓಡಿದ ಜಾಗ ನೋಡಿ ಎರಡು ಗಂಟೆ ಕೂಡಿಸಿ 2:40 ತೋರಿಸಿತು. ಇಲ್ಲಿ ಫೈಲೇ ಮೂರೂವರೆ ಗಂಟೆ ಹಿಂದಿದೆ, ಅದನ್ನೇ ತಿದ್ದಬೇಕು.

ಕೈಯಿಂದ ಹೊಸ ಎಂಟ್ರಿ ಹಾಕುವುದು: ಸುಲಭ, ಆದರೆ ನಕ್ಷೆ ಹೋಯಿತು, ಕಿಲೋಮೀಟರುವಾರು ವೇಗ ಹೋಯಿತು. ನನಗೆ ಬೇಡ.

ನೋಟ್‌ಪ್ಯಾಡಿನಲ್ಲೇ ಹುಡುಕಿ ಬದಲಿಸುವುದು: ಎಲ್ಲರೂ ಹೇಳುವ ಉಪಾಯ ಇದೇ, ತಲೆ ತಿಂದದ್ದೂ ಇದೇ. ವ್ಯತ್ಯಾಸ ಪೂರ್ತಿ ಗಂಟೆಗಳಲ್ಲಿದ್ದರೆ ಗಂಟೆಯ ಮುಂದೆ T ಇರುವ ಆ ಫೈಲಿನಲ್ಲಿ T00 ಇದ್ದಲ್ಲಿ T04, T01 ಇದ್ದಲ್ಲಿ T05 ಅಂತ ಬದಲಿಸಿದರೆ ಆಯ್ತು. ನಮ್ಮ ದೇಶದ ಆ ಅರ್ಧ ಗಂಟೆ ಇದೆಯಲ್ಲ, ಅದು ಬಿಡುವುದಿಲ್ಲ. ಹಾಗೆ ಬದಲಿಸಿದರೆ 00:40 ಹೋಗಿ 04:40 ಆಗುತ್ತದೆ, ಓಟ ಬರ್ಲಿನ್‌ನ 6:40ಕ್ಕೆ ಶುರುವಾದಂತೆ ಕಾಣುತ್ತದೆ. ಪಾಯಿಂಟುಗಳ ನಡುವಿನ ಅಂತರ ಕೆಡದ ಕಾರಣ ದೂರ, ವೇಗ ಎಲ್ಲ ಸರಿಯಾಗಿಯೇ ಬರುತ್ತದೆ. ಅದಕ್ಕೇ ಈ ಅರ್ಧ ಗಂಟೆ ಯಾರ ಕಣ್ಣಿಗೂ ಬೀಳುವುದಿಲ್ಲ.

ನಿಮಿಷವನ್ನೂ ಬದಲಿಸೋಣ ಅಂದರೆ 00:40 ಆಗಬೇಕಾದ್ದು 04:10, ಆದರೆ 01:05 ಆಗಬೇಕಾದ್ದು 04:35. ಒಂದೇ ಓಟದಲ್ಲಿ ಕೆಲವು ಸಾಲಿಗೆ ಒಂದು ಲೆಕ್ಕ, ಉಳಿದವಕ್ಕೆ ಇನ್ನೊಂದು. ಸೆಕೆಂಡಿಗೊಂದು ಪಾಯಿಂಟ್ ಇದ್ದರೆ ಮುಕ್ಕಾಲು ಗಂಟೆಯ ಓಟಕ್ಕೆ 2,700 ಸಾಲು. ಐದೂವರೆಗಿಂತ ಮೊದಲೇ ಹೊರಟ ದಿನವಾದರೆ ಯುಟಿಸಿಯಲ್ಲಿ ಹಿಂದಿನ ತಾರೀಖು ಬಿದ್ದಿರುತ್ತದೆ, ಅದನ್ನೂ ತಿದ್ದಬೇಕು. ಯಾರಿಗೆ ಬೇಕು ಹೇಳಿ?

ಕಾಸು ಕೇಳುವ ಒಂದು ಸೈಟನ್ನೂ ನೋಡಿದೆ. ಪೂರ್ತಿ ಗಂಟೆ ಮಾತ್ರ ಆರಿಸಬಹುದಿತ್ತು. ಮುಚ್ಚಿದೆ.

ಜಿಪಿಎಸ್‌ಬೇಬಲ್‌ನಲ್ಲಿ ಮೂರೂವರೆ ಗಂಟೆ ಅಂದರೆ 210 ನಿಮಿಷ:

```
gpsbabel -t -i gpx -f run.gpx -x track,move=+210m -o gpx,garminextensions -F run2.gpx
```

ಗಂಟೆ, ತಾರೀಖು ಎಲ್ಲ ಅದೇ ನೋಡಿಕೊಳ್ಳುತ್ತದೆ. ಎದೆಬಡಿತದ ದಾಖಲೆ ಇದ್ದರೆ `garminextensions` ಬಿಡಬೇಡಿ, ಇಲ್ಲದಿದ್ದರೆ ಹೊಸ ಫೈಲಿನಲ್ಲಿ ಅದು ಇರದೇ ಹೋಗಬಹುದು. ಮೊದಲ ಪಾಯಿಂಟ್ 04:10Z ಆಗಿದೆಯೇ ಅಂತ ನೋಡಿಕೊಂಡೇ ಅಪ್‌ಲೋಡ್ ಮಾಡಿ. ಆ್ಯಪ್‌ನಲ್ಲಿರುವ ಹಳೇ ಓಟ ಅಳಿಸಿ, ಇಲ್ಲವಾದರೆ ತಿಂಗಳ ಕಿಲೋಮೀಟರ್ ಎರಡು ಸಲ ಎಣಿಕೆಯಾಗುತ್ತದೆ. ಅಳಿಸಿದರೆ ಅದರ ಕೆಳಗಿನ ಕಾಮೆಂಟುಗಳೂ ಹೋಗುತ್ತವೆ. ತಮ್ಮನಿಗೆ ಅದೊಂದೇ ಬೇಜಾರು.

ಬ್ಲ್ಯಾಕ್ ಸ್ಕ್ರೀನಿನಲ್ಲಿ ಟೈಪ್ ಮಾಡಲು ಹೆದರುವವರಿಗೆ, ಒಂದೇ ಓಟ ತಪ್ಪಿದ್ದರೆ, ಕೈಯಿಂದ ಎಂಟ್ರಿ ಹಾಕುವುದೇ ಸಾಕು. ಪ್ರವಾಸದ ಓಟಗಳೆಲ್ಲ ತಪ್ಪಿದ್ದರೆ ನಾನಂತೂ ಲ್ಯಾಪ್‌ಟಾಪ್ ತೆಗೆಯುತ್ತೇನೆ. ಪ್ರವಾಸ ಅಕ್ಟೋಬರ್ ಕೊನೆಯ ಭಾನುವಾರ ದಾಟಿದ್ದರೆ ಮಾತ್ರ ಫೈಲುಗಳನ್ನು ಎರಡು ಗುಂಪು ಮಾಡಿಕೊಳ್ಳಿ. ಆ ದಿನ ಜರ್ಮನಿಯ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಆಗ ಮುಳ್ಳನ್ನೂ ಅಲ್ಲಿನ ಹೊಸ ಹೊತ್ತಿಗೆ ಹೀಗೇ ಮತ್ತೆ ತಿರುಗಿಸಿದ್ದರೆ ಆಮೇಲಿನ ಓಟಗಳಿಗೆ 210 ಅಲ್ಲ, 270.