ಬಾಸ್‌ಗೆ ಹಾಗೇ ಫಾರ್ವರ್ಡ್ ಆಗುವ ಮೇಲ್: ಮೂರು ರೀತಿ ಬರೆದು ನೋಡಿದೆ

ನಾನು ಸಣ್ಣ ಕಾರ್ಖಾನೆಗಳಿಗೆ ಸ್ಟಾಕ್ ಲೆಕ್ಕದ ಸಾಫ್ಟ್‌ವೇರ್ ಮಾರುತ್ತೇನೆ. ಸ್ಟೋರ್ಸ್ ಇನ್‌ಚಾರ್ಜ್‌ಗೆ ಬೇಗ ಇಷ್ಟವಾಗುತ್ತದೆ, ಆದರೆ ಒಪ್ಪಿಗೆ ಕೊಡುವುದು ಅವರ ಜಿಎಂ. "ಒಂದು ಮೇಲ್ ಹಾಕಿ ಸರ್, ನಮ್ಮ ಸಾಹೇಬ್ರಿಗೆ ಕಳಿಸ್ತೀನಿ" ಅನ್ನುತ್ತಾರೆ. ಆ ಒಂದು ಮೇಲನ್ನು ಮೂರು ರೀತಿ ಬರೆದು ನೋಡಿದ್ದೇನೆ.

ಮೊದಲನೆಯದು, ನಡೆಯುತ್ತಿದ್ದ ಮಾತುಕತೆಗೇ ರಿಪ್ಲೈ ಹಾಕಿ ಬ್ರೋಷರ್ ಸೇರಿಸುವುದು. ಎರಡು ನಿಮಿಷದ ಕೆಲಸ. ಆದರೆ ಫಾರ್ವರ್ಡ್ ಮಾಡಿದಾಗ ಕೆಳಗಿನ ಹಳೆಯ ಮಾತೆಲ್ಲ ಜೊತೆಗೇ ಹೋಗುತ್ತದೆ. ಒಮ್ಮೆ "ಈಗಿನ ರಿಜಿಸ್ಟರ್‌ನಲ್ಲಿ ಲೆಕ್ಕ ಸಿಗಲ್ಲ" ಎಂದು ಸ್ಟೋರ್ಸ್‌ನವರು ನನ್ನ ಹತ್ತಿರ ನಂಬಿ ಹೇಳಿದ್ದ ಮಾತು ಜಿಎಂ ಮುಂದೆ ಹೋಯಿತು. ಅವರು ಮುಜುಗರಪಟ್ಟರು, ನನಗೆ ತುಂಬಾ ಬೇಸರವಾಯಿತು.

ಎರಡನೆಯದು, ಅವರೇ ಬರೆದ ಹಾಗೆ "ನಾನು ಪರಿಶೀಲಿಸಿದ್ದೇನೆ, ಶಿಫಾರಸು ಮಾಡುತ್ತೇನೆ" ಎಂದು ಬರೆದುಕೊಡುವುದು. ಇದು ಫಾರ್ವರ್ಡ್ ಆಗುವುದಿಲ್ಲ, ಮೇಲೆ ನನ್ನ ಹೆಸರು ಇರುತ್ತದಲ್ವಾ. ಕಾಪಿ ಮಾಡಿ, ತಿದ್ದಿ, ತಮ್ಮ ಹೆಸರಲ್ಲಿ ಕಳಿಸಬೇಕು. ಆ ತಿದ್ದುವ ಕೆಲಸ "ನಾಳೆ ಮಾಡ್ತೀನಿ" ಅಂತ ಉಳಿದುಬಿಡುತ್ತದೆ.

ಮೂರನೆಯದೇ ನನಗೆ ಒಗ್ಗಿದ್ದು: ಹೊಸ ಮೇಲ್, ಹೊಸ ಸಬ್ಜೆಕ್ಟ್, ಹೆಸರು ನನ್ನದೇ, ಆದರೆ ಓದುವವರು ಜಿಎಂ ಅಂದುಕೊಂಡು ಬರೆದದ್ದು. ಸ್ನೇಹದ ಮಾತನ್ನೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಬೇರೆ ಕಳಿಸುತ್ತೇನೆ. ಒಂದು ಮೇಲ್ ಹೀಗಿತ್ತು:

"ಸಬ್ಜೆಕ್ಟ್: ಸ್ಟೋರ್ಸ್ ಸಾಫ್ಟ್‌ವೇರ್, ಒಂದು ತಿಂಗಳ ಟ್ರಯಲ್‌ಗೆ ಒಪ್ಪಿಗೆ ಕೋರಿ

ಟ್ರಯಲ್‌ಗೆ ಈ ಶುಕ್ರವಾರದೊಳಗೆ ಒಪ್ಪಿಗೆ ಬೇಕು. ಸ್ಟೋರ್ಸ್ ವಿಭಾಗ ಕೊಟ್ಟ ಲೆಕ್ಕದಂತೆ ತಿಂಗಳ ಕೊನೆಯ ಎಣಿಕೆಗೆ 4 ಜನ 2 ದಿನ ಕೂರುತ್ತಾರೆ. ಇದನ್ನು ಅರ್ಧಕ್ಕೆ ಇಳಿಸುವುದು ಟ್ರಯಲ್‌ನ ಗುರಿ. ಟ್ರಯಲ್ ಉಚಿತ. ಮುಂದುವರಿಸಿದರೆ ವರ್ಷಕ್ಕೆ ₹60,000, 18% ಜಿಎಸ್‌ಟಿ ಸೇರಿ ₹70,800. ಬೇಡವೆಂದರೆ ನಿಮ್ಮ ಡೇಟಾ ಎಕ್ಸೆಲ್‌ನಲ್ಲಿ ವಾಪಸ್ ಕೊಡುತ್ತೇವೆ."

ಇಷ್ಟೇ. ಇದನ್ನು ಬರೆಯಲು ಅರ್ಧ ಗಂಟೆ ಹಿಡಿಯಿತು, ಜಾಸ್ತಿ ಹೊತ್ತು ಹೋದದ್ದು "ನೀವು" ಅನ್ನುವ ಪದಕ್ಕೆ. "ನಿನ್ನೆ ನೀವು ಹೇಳಿದಂತೆ" ಎಂದು ಬರೆದರೆ ಜಿಎಂಗೆ ಅದು ಬೇರೆಯವರ ಪತ್ರ ಅನ್ನಿಸುತ್ತದೆ. ಅದಕ್ಕೇ "ಸ್ಟೋರ್ಸ್ ವಿಭಾಗ" ಎಂದು ಬರೆದೆ. ಆ 4 ಜನ, 2 ದಿನದ ಲೆಕ್ಕವನ್ನೂ ಮೊದಲೇ ಫೋನ್‌ನಲ್ಲಿ ಅವರಿಗೆ ಓದಿ ಹೇಳಿ "ಇದನ್ನ ಹಾಕಬಹುದಾ?" ಎಂದು ಕೇಳಿದ್ದೆ, ಯಾಕೆಂದರೆ ಜಿಎಂ ಪ್ರಶ್ನೆ ಕೇಳುವಾಗ ಉತ್ತರ ಹೇಳಬೇಕಾದವರು ಅವರು, ನಾನಲ್ಲ. ಅವರು ಮೇಲೆ "ಸರ್, ದಯವಿಟ್ಟು ನೋಡಿ" ಎಂದಷ್ಟೇ ಸೇರಿಸಿ ಅವತ್ತೇ ಕಳಿಸಿದರು.

ಈ ರೀತಿಗೂ ಮಿತಿ ಇದೆ. ಎಷ್ಟೆಂದರೂ ಅದು ಮಾರುವವನ ಮಾತು. ಜಿಎಂ ಹೊರಗಿನವರ ಮೇಲ್ ಓದುವುದೇ ಇಲ್ಲ ಎಂದು ಗೊತ್ತಿದ್ದರೆ ಎರಡನೆಯದೇ ವಾಸಿ, ಆದರೆ ನಾಲ್ಕು ಸಾಲು ದಾಟಬಾರದು.

ಇನ್ನೊಂದು ವಿಷಯ, ಡ್ರೈವ್ ಲಿಂಕ್ ಹಾಕಬೇಡಿ. ನಮ್ಮ ಪರಿಚಯದವರಿಗೆ ಮಾತ್ರ ಅನುಮತಿ ಕೊಟ್ಟಿದ್ದರೆ ಜಿಎಂ ಒತ್ತಿದಾಗ ಅದು ತೆರೆಯುವುದಿಲ್ಲ. ಒಂದು ಪುಟದ ಪಿಡಿಎಫ್ ಅಟ್ಯಾಚ್ ಮಾಡಿದರೆ ಫಾರ್ವರ್ಡ್ ಜೊತೆಗೇ ಹೋಗುತ್ತದೆ. ನಾನು ಕಳಿಸುವ ಮೊದಲು ನನ್ನದೇ ಇನ್ನೊಂದು ಐಡಿಗೆ ಫಾರ್ವರ್ಡ್ ಮಾಡಿ, ಮೊಬೈಲ್‌ನಲ್ಲಿ ತೆರೆದು, ಬೆಲೆಯ ಸಾಲು ಜಾಸ್ತಿ ಸ್ಕ್ರಾಲ್ ಮಾಡದೆ ಕಾಣುತ್ತದಾ ಎಂದು ನೋಡುತ್ತೇನೆ.