ಒಂದೇ 125 ಮೆಗಾಹರ್ಟ್ಸ್, ಎರಡು ದಾರಿ: ಜಿಎಂಐಐ ಮತ್ತು ಆರ್‌ಜಿಎಂಐಐ ಹೋಲಿಕೆ

ಕಾರವಾರದ ಗೆಳೆಯನೊಬ್ಬ ಸಮುದ್ರದೊಳಗಿನ ಸದ್ದು ಹಿಡಿಯುವ ಪುಟ್ಟ ಬೋರ್ಡ್ ಮಾಡುತ್ತಿದ್ದಾನೆ. ಎಫ್‌ಪಿಜಿಎಯಿಂದ ಗಿಗಾಬಿಟ್ ಈಥರ್‌ನೆಟ್‌ನಲ್ಲಿ ಡೇಟಾ ಹೊರಗೆ ಬರಬೇಕು. ಎಫ್‌ಪಿಜಿಎಗೂ ಈಥರ್‌ನೆಟ್ ಚಿಪ್‌ಗೂ ನಡುವೆ ತಂತಿ ಜೋಡಿಸಲು ಜಿಎಂಐಐ, ಆರ್‌ಜಿಎಂಐಐ ಎಂಬ ಎರಡು ಕ್ರಮಗಳಿವೆ. "ಮಾರಾಯ, ಜಿಎಂಐಐ ಹಾಕಲೋ ಆರ್‌ಜಿಎಂಐಐ ಹಾಕಲೋ? ಎರಡರಲ್ಲೂ ಕ್ಲಾಕ್ 125 ಮೆಗಾಹರ್ಟ್ಸೇ ಅಲ್ವಾ, ಟೈಮಿಂಗ್ ಒಂದೇ ಇರಬೇಕು" ಎಂದು ಫೋನ್ ಮಾಡಿದ. ಒಂದೇ ಅಲ್ಲ. ಬಾಯಲ್ಲಿ ಹೇಳುವುದಕ್ಕಿಂತ ಅಳೆದೇ ತೋರಿಸೋಣ ಅನಿಸಿತು. ನನ್ನ ಹತ್ತಿರ ಇರುವ ಹಳೆಯ ಬೋರ್ಡ್‌ನಲ್ಲಿ ಜಂಪರ್ ಬದಲಿಸಿದರೆ ಅದೇ ಈಥರ್‌ನೆಟ್ ಚಿಪ್ ಎರಡೂ ರೀತಿಯಲ್ಲಿ ಕೆಲಸ ಮಾಡುತ್ತದೆ. ಶಿರಸಿಯಲ್ಲಿ ಮಳೆ ಬಿಡದೆ ಹೊಯ್ಯುತ್ತಿದ್ದ ವಾರ, ಕರೆಂಟ್ ಇದ್ದಾಗೆಲ್ಲ ಕೂತು ಮಾಡಿದ್ದು ಇದು.

ಮೊದಲು ವ್ಯತ್ಯಾಸ ಎಲ್ಲಿದೆ ನೋಡಿ. ಜಿಎಂಐಐಯಲ್ಲಿ 8 ಡೇಟಾ ತಂತಿ. ಕ್ಲಾಕ್ ಏರುವ ಅಂಚಿನಲ್ಲಿ ಮಾತ್ರ ಒಂದು ಬೈಟ್ ಓದುತ್ತೇವೆ. ಹಾಗಾಗಿ ಒಂದು ಬಿಟ್ ತಂತಿಯ ಮೇಲೆ 8 ನ್ಯಾನೋ ಸೆಕೆಂಡ್ ಇರುತ್ತದೆ. ಆರ್‌ಜಿಎಂಐಐಯಲ್ಲಿ 4 ತಂತಿ ಮಾತ್ರ. ಏರುವ ಅಂಚಿನಲ್ಲಿ ಬೈಟ್‌ನ ಕೆಳ ಅರ್ಧ, ಇಳಿಯುವ ಅಂಚಿನಲ್ಲಿ ಮೇಲಿನ ಅರ್ಧ. ಕ್ಲಾಕ್ ಅದೇ, ವೇಗ ಅದೇ, ಆದರೆ ಬಿಟ್‌ಗೆ ಸಿಗುವುದು 4 ನ್ಯಾನೋ ಸೆಕೆಂಡ್. ಎಫ್‌ಪಿಜಿಎಯ ಫ್ಲಿಪ್‌ಫ್ಲಾಪ್ ಬೇಡುವ ಸೆಟಪ್ ಹೋಲ್ಡ್ ಸಮಯ, ಅಂದರೆ ಅಂಚಿಗೆ ಮೊದಲೂ ಆಮೇಲೂ ಡೇಟಾ ಅಲುಗದೆ ಇರಬೇಕಾದ ಹೊತ್ತು, ತಂತಿ ತಂತಿಗಳ ನಡುವಿನ ವ್ಯತ್ಯಾಸ ಇವೆಲ್ಲ ಅರ್ಧ ಆಗುವುದಿಲ್ಲ, ಅವು ಇದ್ದಷ್ಟೇ ಇರುತ್ತವೆ. ಅರ್ಧ ಆಗುವುದು ಬಿಟ್‌ನ ಸಮಯ ಮಾತ್ರ, ಹಾಗಾಗಿ ಉಳಿಯುವ ಜಾಗ ಅರ್ಧಕ್ಕಿಂತಲೂ ಕಡಿಮೆ.

ಪರೀಕ್ಷೆ ಹೀಗೆ ಮಾಡಿದೆ. ಎಫ್‌ಪಿಜಿಎಯ ಒಳಗೆ, ಬರುವ ಡೇಟಾಕ್ಕೂ ಕ್ಲಾಕ್‌ಗೂ `IDELAYE2` ಎಂಬ ವಿಳಂಬದ ಬ್ಲಾಕ್ ಹಾಕಿದೆ. 200 ಮೆಗಾಹರ್ಟ್ಸ್ ರೆಫರೆನ್ಸ್ ಕೊಟ್ಟರೆ ಅದರ ಒಂದೊಂದು ಟ್ಯಾಪ್ ಸುಮಾರು 78 ಪಿಕೋ ಸೆಕೆಂಡ್, 0ಯಿಂದ 31ರವರೆಗೆ. ಎರಡೂ ಕಡೆ ಹಾಕಿದ್ದು ಯಾಕೆ ಅಂದರೆ, ಟ್ಯಾಪ್ 0 ಇದ್ದರೂ ಅದಕ್ಕೆ ತನ್ನದೇ ಆದ ಒಂದಿಷ್ಟು ವಿಳಂಬ ಇದೆ, ಎರಡರಲ್ಲೂ ಇದ್ದರೆ ಅದು ಸರಿದೂಗುತ್ತದೆ. ಡೇಟಾ ತಡ ಮಾಡುತ್ತ ಹೋದರೆ ಸೆಟಪ್ ಕಡೆಯ ಅಂಚು ಸಿಗುತ್ತದೆ, ಕ್ಲಾಕ್ ತಡ ಮಾಡುತ್ತ ಹೋದರೆ ಹೋಲ್ಡ್ ಕಡೆಯದು. ಪ್ರತಿ ಟ್ಯಾಪ್‌ಗೆ 10 ಲಕ್ಷ ದೊಡ್ಡ ಪ್ಯಾಕೆಟ್ ಕಳಿಸಿ ಸಿಆರ್‌ಸಿ ತಪ್ಪು ಎಣಿಸಿದೆ. ಗಿಗಾಬಿಟ್‌ನಲ್ಲಿ ಇದಕ್ಕೆ 12 ಸೆಕೆಂಡು ಸಾಕು.

ಜಿಎಂಐಐ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಎರಡೂ ಕಡೆ ಕೊನೆಯ ಟ್ಯಾಪ್‌ವರೆಗೆ ಹೋದೆ, ಒಂದೂ ತಪ್ಪು ಬರಲಿಲ್ಲ. ಅಂದರೆ ಆಚೆ ಈಚೆ 2.4 ನ್ಯಾನೋ ಸೆಕೆಂಡ್ ಸರಿಸಿದರೂ ಅದರ ಅಂಚೇ ನನಗೆ ಮುಟ್ಟಲಿಲ್ಲ.

ಆರ್‌ಜಿಎಂಐಐಯಲ್ಲಿ ಕತೆ ಬೇರೆ. ಮೂಲ ನಿಯಮದಲ್ಲಿ ಡೇಟಾ ಮತ್ತು ಕ್ಲಾಕ್ ಒಟ್ಟಿಗೇ ಬದಲಾಗುತ್ತವೆ, ಹಾಗಾಗಿ ಕ್ಲಾಕ್‌ನ್ನು ಯಾರಾದರೂ ಸುಮಾರು 2 ನ್ಯಾನೋ ಸೆಕೆಂಡ್ ತಡ ಮಾಡಿ ಬಿಟ್‌ನ ನಡುಮಧ್ಯಕ್ಕೆ ತರಬೇಕು. ಚಿಪ್‌ನ ವಿಳಂಬ ಆಫ್ ಮಾಡಿ ನೋಡಿದೆ: 100 ಮೆಗಾಬಿಟ್‌ನಲ್ಲೂ ತಪ್ಪು, ಗಿಗಾಬಿಟ್‌ನಲ್ಲೂ ತಪ್ಪು, ಬಿಟ್ ಬದಲಾಗುವ ಹೊತ್ತಿಗೇ ಓದುತ್ತಿದ್ದೇವಲ್ಲ. ಚಿಪ್‌ನ ವಿಳಂಬ ಆನ್ ಮಾಡಿ, ಎಫ್‌ಪಿಜಿಎಯಲ್ಲೂ ಕ್ಲಾಕ್‌ಗೆ 26 ಟ್ಯಾಪ್, ಅಂದರೆ ಮತ್ತೊಂದು 2 ನ್ಯಾನೋ ಸೆಕೆಂಡ್ ಕೊಟ್ಟೆ. ಆಗ 100 ಮೆಗಾಬಿಟ್‌ನಲ್ಲಿ ಎಲ್ಲ ಚೆನ್ನಾಗಿದೆ, ಗಿಗಾಬಿಟ್‌ನಲ್ಲಿ ಒಂದು ಪ್ಯಾಕೆಟ್ಟೂ ಸರಿ ಇಲ್ಲ. 100ರಲ್ಲಿ ಕ್ಲಾಕ್ 25 ಮೆಗಾಹರ್ಟ್ಸ್, 4 ನ್ಯಾನೋ ಸೆಕೆಂಡ್ ತಪ್ಪು ಅಲ್ಲಿ ಗೊತ್ತೇ ಆಗುವುದಿಲ್ಲ. "100ರಲ್ಲಿ ಓಡುತ್ತೆ, 1000ದಲ್ಲಿ ಓಡಲ್ಲ" ಅನ್ನುವ ದೂರು ಕೇಳಿದರೆ ನಾನು ಮೊದಲು ಈ ಎರಡೆರಡು ವಿಳಂಬವನ್ನೇ ಹುಡುಕುತ್ತೇನೆ. ಇನ್ನೂ ಜಾಸ್ತಿ ತಡವಾಗಿ ಪೂರ್ತಿ ಒಂದು ಅಂಚು ಜಾರಿದರೆ ನೋಟ ಇನ್ನೂ ವಿಚಿತ್ರ: ಪ್ಯಾಕೆಟ್ ಮುಂಚಿನ `0x55`ಗಳು ಎರಡೂ ಅರ್ಧ 5 ಆಗಿರುವುದರಿಂದ ಅಚ್ಚುಕಟ್ಟಾಗಿ ಕಾಣುತ್ತವೆ, ಆಮೇಲೆ ಬರಬೇಕಾದ `0xD5` ಮಾತ್ರ ಎಂದೂ ಸಿಗುವುದಿಲ್ಲ.

ಈಗ ಸರಿಯಾದ ಜೋಡಣೆ, ಚಿಪ್‌ನ ವಿಳಂಬ ಮಾತ್ರ ಆನ್. ಡೇಟಾ ತಡ ಮಾಡುತ್ತ ಹೋದಾಗ 14ನೇ ಟ್ಯಾಪ್‌ವರೆಗೆ ಶುದ್ಧ, 15ರಲ್ಲಿ ತಪ್ಪು ಶುರು. ಕ್ಲಾಕ್ ಕಡೆ 17ರವರೆಗೆ ಶುದ್ಧ, 18ರಲ್ಲಿ ತಪ್ಪು. ಒಟ್ಟು 31 ಟ್ಯಾಪ್, 2.4 ನ್ಯಾನೋ ಸೆಕೆಂಡ್. ನಾಲ್ಕರಲ್ಲಿ ಉಳಿದದ್ದು ಅಷ್ಟೇ.

ಉಳಿದ 1.6 ಎಲ್ಲಿ ಹೋಯಿತು? ಬಹುಪಾಲು ಸೆಟಪ್ ಹೋಲ್ಡ್, ತಂತಿಗಳ ವ್ಯತ್ಯಾಸ, ಕ್ಲಾಕ್‌ನ ನಡುಕ. ಆದರೆ ತಪ್ಪಾದ ಬೈಟ್‌ಗಳನ್ನು ಒಂದೊಂದಾಗಿ ನೋಡಿದಾಗ ನನಗೆ ನಿಜಕ್ಕೂ ಖುಷಿ ಕೊಟ್ಟ ವಿಷಯ ಸಿಕ್ಕಿತು. ಡೇಟಾ ತಡ ಮಾಡಿದಾಗ 15ರಲ್ಲಿ ಕೆಟ್ಟದ್ದು ಮೇಲಿನ ಅರ್ಧ ಮಾತ್ರ, ಕೆಳ ಅರ್ಧ 18ರವರೆಗೂ ಗಟ್ಟಿ ಇತ್ತು. ಕ್ಲಾಕ್ ತಡ ಮಾಡಿದಾಗ ಉಲ್ಟಾ: 18ರಲ್ಲಿ ಕೆಳ ಅರ್ಧ ಕೆಟ್ಟಿತು, ಮೇಲಿನದು 21ರವರೆಗೆ ತಡೆಯಿತು. ಎರಡೂ ಕಡೆ 4 ಟ್ಯಾಪ್ ಅಂತರ, ಸುಮಾರು 0.3 ನ್ಯಾನೋ ಸೆಕೆಂಡ್. ಅರ್ಥ ಇಷ್ಟೇ: ಓದುವ ಜಾಗಕ್ಕೆ ಬರುವಷ್ಟರಲ್ಲಿ ಕ್ಲಾಕ್‌ನ ಇಳಿಯುವ ಅಂಚು 0.3 ಬೇಗ ಬರುತ್ತಿದೆ. ಮೇಲಿರಬೇಕಾದ 4ರ ಬದಲು 3.7 ನ್ಯಾನೋ ಸೆಕೆಂಡ್ ಮಾತ್ರ ಮೇಲಿದೆ. ಆರ್‌ಜಿಎಂಐಐ ನಿಯಮ 45ರಿಂದ 55 ಶೇಕಡಾ ಒಪ್ಪುತ್ತದೆ, ಅಂದರೆ 3.6 ಇದ್ದರೂ ಸರಿ, ಹಾಗಾಗಿ ಇದು ದೋಷವೂ ಅಲ್ಲ. ಒಂದೊಂದು ಅರ್ಧಕ್ಕೂ ಬೇರೆ ಬೇರೆಯಾಗಿ 35 ಟ್ಯಾಪ್ ಇದೆ, ಎರಡೂ ಒಟ್ಟಿಗೆ ಸರಿ ಇರುವುದು 31 ಮಾತ್ರ. ಜಿಎಂಐಐಯಲ್ಲಿ ಇಳಿಯುವ ಅಂಚು ಎಲ್ಲೇ ಬೀಳಲಿ, ಅದನ್ನು ಯಾರೂ ಓದುವುದಿಲ್ಲ. ಎರಡೂ ಅಂಚು ಬಳಸಿದ ಕೂಡಲೇ ಕ್ಲಾಕ್‌ನ ಆಕಾರವೇ ಲೆಕ್ಕಕ್ಕೆ ಬರುತ್ತದೆ.

ಎರಡೂ ಅಂಚು ಬಳಸುತ್ತೇವೆ ಎಂದು ಟೈಮಿಂಗ್ ಪರೀಕ್ಷಿಸುವ ಟೂಲ್‌ಗೂ ಹೇಳಬೇಕು. ಮೊದಲ ದಿನ ನಾನು ಏರುವ ಅಂಚಿಗೆ ಮಾತ್ರ ಬರೆದಿದ್ದೆ, ವರದಿ ಎಲ್ಲ ಸರಿ ಎಂದೇ ಬಂತು, ಯಾಕೆಂದರೆ ಇಳಿಯುವ ಅಂಚಿನಿಂದ ಹೊರಟ ಡೇಟಾವನ್ನು ಅದು ನೋಡಿರಲೇ ಇಲ್ಲ. ಬೇಕಾದದ್ದು ಹೀಗೆ, `rxc` ಬರುವ ಕ್ಲಾಕ್, `$rx` ಬರುವ ಡೇಟಾದ ಪಿನ್‌ಗಳು:

```
set_input_delay -clock rxc -max 2.8 $rx
set_input_delay -clock rxc -min 1.2 $rx
set_input_delay -clock rxc -max 2.8 -clock_fall -add_delay $rx
set_input_delay -clock rxc -min 1.2 -clock_fall -add_delay $rx
```

ಇಲ್ಲಿ ಚಿಪ್ ಪ್ರತಿ ಅಂಚಿಗೆ 1.2 ಮೊದಲು, 1.2 ಆಮೇಲೆ ಡೇಟಾ ಸ್ಥಿರ ಇಡುತ್ತದೆ ಎಂದು ಹಿಡಿದಿದ್ದೇನೆ. 4ರಿಂದ 1.2 ಕಳೆದರೆ 2.8. `-add_delay` ಬಿಟ್ಟರೆ ಕೆಳಗಿನ ಸಾಲುಗಳು ಮೇಲಿನವನ್ನು ಅಳಿಸಿ ಕೂರುತ್ತವೆ, ಮತ್ತೆ ಒಂದೇ ಅಂಚು.

ಗೆಳೆಯನಿಗೆ ನಾನು ಹೇಳಿದ್ದು: ಪಿನ್ ಧಾರಾಳ ಇದ್ದರೆ ಜಿಎಂಐಐ ಹಾಕು, ತಲೆನೋವಿಲ್ಲ. ಆದರೆ ಅದಕ್ಕೆ ಇಪ್ಪತ್ತಕ್ಕೂ ಜಾಸ್ತಿ ಪಿನ್ ಬೇಕು, ಆರ್‌ಜಿಎಂಐಐಗೆ 12 ಸಾಕು. ಅವನ ಎಫ್‌ಪಿಜಿಎ ಸಣ್ಣದು, ಉಳಿದ ಪಿನ್ ಎಲ್ಲ ಎಡಿಸಿಗೆ ಹೋಗಿವೆ, ಹಾಗಾಗಿ ಆರ್‌ಜಿಎಂಐಐಯೇ ಆಯಿತು. ವಿಳಂಬ ಚಿಪ್‌ನಲ್ಲಿ ಮಾತ್ರ ಆನ್. ನನ್ನ ಅಳತೆಯಲ್ಲಿ ಒಂದು ಕಡೆ 14, ಇನ್ನೊಂದು ಕಡೆ 17 ಇರುವುದರಿಂದ ಅದು ಹೆಚ್ಚುಕಡಿಮೆ ನಡುವೆಯೇ ಕೂತಿದೆ. ತಂತಿಗಳ ಉದ್ದದಲ್ಲಿ 1 ಸೆಂಟಿಮೀಟರ್ ವ್ಯತ್ಯಾಸ ಬಂದರೆ ಸುಮಾರು ಒಂದು ಟ್ಯಾಪ್ ಹೋದ ಹಾಗೆ, ಅಷ್ಟರೊಳಗೆ ಇಡು ಎಂದೆ. ಬೋರ್ಡ್ ಬಂದ ದಿನವೇ ಎರಡೂ ಕಡೆಯ ಟ್ಯಾಪ್ ಎಣಿಸಿ ಕಳಿಸುತ್ತೇನೆ ಎಂದಿದ್ದಾನೆ, ಮೇಲಿನ ಅರ್ಧ ಕೆಳಗಿನ ಅರ್ಧ ಬೇರೆ ಬೇರೆಯಾಗಿ.